‘ನಿದ್ದೆ ಮಾಡ್ತಿದ್ದಾರೆ’ ಎಂದು ಬರೆಯುವ ಮೊದಲು: ಮಾರ್ಫಿನ್ ಕೊಟ್ಟ ರೋಗಿಯ ಮಂಪರನ್ನು ಅಳೆಯುವ ಬಗೆ

ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವ ನರ್ಸ್‌ಗಳಿಗೆ ಈ ಮಾತು ಚೆನ್ನಾಗಿ ಗೊತ್ತು. “ಸಿಸ್ಟರ್, ಈಗ ತಾನೇ ಕಣ್ಣು ಮುಚ್ಚಿದ್ದಾರೆ. ಎಬ್ಬಿಸಬೇಡಿ.” ಆಪರೇಷನ್ ಆದ ರೋಗಿ ಸಂಜೆಯಿಂದ ನೋವಿನಲ್ಲಿ ನರಳಿರುತ್ತಾರೆ. ಮಾರ್ಫಿನ್ ಕೊಟ್ಟ ಮೇಲೆ ಗೊರಕೆ ಕೇಳಿದರೆ ಮನೆಯವರಿಗೂ ಸಮಾಧಾನ, ನಮಗೂ ಸಮಾಧಾನ. ಕೇಸ್ ಶೀಟ್‌ನಲ್ಲಿ ‘ನಿದ್ದೆಯಲ್ಲಿದ್ದಾರೆ’ ಎಂದು ಬರೆದು ಮುಂದಿನ ಹಾಸಿಗೆಗೆ ಹೋಗುತ್ತೇವೆ.

ನಾನೂ ಹಾಗೆ ಬರೆದಿದ್ದೇನೆ. ಕೋಲಾರದ ಒಂದು ಆಸ್ಪತ್ರೆಯ ಮೂಳೆ ವಾರ್ಡ್‌ನಲ್ಲಿ ನಾನು ಹಾಗೆ ಬರೆದ ಇಪ್ಪತ್ತು ನಿಮಿಷಕ್ಕೆ ಆ ರೋಗಿ ನಿಮಿಷಕ್ಕೆ ಬರೀ ಒಂಬತ್ತು ಸಲ ಉಸಿರಾಡುತ್ತಿದ್ದರು. ಅವರು ಉಳಿದುಕೊಂಡರು. ಆ ರಾತ್ರಿಯ ಕಥೆಯನ್ನೇ ಇಟ್ಟುಕೊಂಡು ಮಂಪರು ಅಳೆಯುವ ಕ್ರಮವನ್ನು ಹೇಳುತ್ತೇನೆ. ವಾರ್ಡ್‌ಗೆ ಹೊಸದಾಗಿ ಬಂದ ನರ್ಸ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ರೋಗಿಯ ಪಕ್ಕ ಕೂತಿರುವ ಮನೆಯವರಿಗೂ ಇದು ಅರ್ಥವಾಗುತ್ತದೆ.

ಮೊದಲು ಮಂಪರು, ಆಮೇಲೆ ಉಸಿರು

ಮಾರ್ಫಿನ್, ಫೆಂಟನಿಲ್, ಪೆಥಿಡಿನ್, ಟ್ರಾಮಡಾಲ್, ಇವೆಲ್ಲ ಓಪಿಯಾಯ್ಡ್ ಗುಂಪಿನ ನೋವಿನ ಔಷಧಿಗಳು. ಇವು ನೋವನ್ನು ಕಡಿಮೆ ಮಾಡುವುದರ ಜೊತೆಗೆ ಮೆದುಳಿನಲ್ಲಿ ಎಚ್ಚರವನ್ನೂ ಉಸಿರಾಟವನ್ನೂ ನಿಧಾನ ಮಾಡುತ್ತವೆ. ಸಾಮಾನ್ಯವಾಗಿ ಎಚ್ಚರ ಮೊದಲು ಕುಗ್ಗುತ್ತದೆ, ಉಸಿರು ಕುಗ್ಗುವುದು ಆಮೇಲೆ. ಈ ನಡುವೆ ಸಿಗುವ ಸ್ವಲ್ಪ ಹೊತ್ತೇ ನಮ್ಮ ಕೈಯಲ್ಲಿರುವುದು. ಅಷ್ಟರೊಳಗೆ ಮಂಪರನ್ನು ಗುರುತಿಸಿದರೆ ಡೋಸ್ ತಡೆಹಿಡಿದರೆ ಸಾಕು. ಆ ಹೊತ್ತು ತಪ್ಪಿತೆಂದರೆ, ಓಪಿಯಾಯ್ಡ್‌ನ ಪ್ರಭಾವ ಅಳಿಸುವ ನಲಾಕ್ಸೋನ್ ಆಂಪೂಲ್ ಹುಡುಕಿಕೊಂಡು ಓಡಬೇಕಾಗುತ್ತದೆ.

“ಬೆರಳಿಗೆ ಆಕ್ಸಿಮೀಟರ್ ಹಾಕಿದ್ದೇವಲ್ಲ, ಅದು ಹೇಳುತ್ತದೆ” ಎಂದು ತುಂಬಾ ಜನ ನಂಬಿರುತ್ತಾರೆ. ಮೂಗಿಗೆ ಆಮ್ಲಜನಕ ಹಾಕಿರುವ ರೋಗಿಯ ವಿಷಯದಲ್ಲಿ ಆ ನಂಬಿಕೆ ಮೋಸ ಮಾಡುತ್ತದೆ. ಉಸಿರು ಕಡಿಮೆಯಾದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಾ ಹೋಗುತ್ತದೆ. ಆದರೆ ಹೊರಗಿನಿಂದ ಆಮ್ಲಜನಕ ಸಿಗುತ್ತಿರುವುದರಿಂದ ಮಿಷನ್‌ನಲ್ಲಿ 97, 98 ಎಂದೇ ತೋರಿಸುತ್ತಿರುತ್ತದೆ. ಅದು ಇಳಿಯಲು ಶುರುವಾಗುವ ಹೊತ್ತಿಗೆ ತುಂಬಾ ತಡವಾಗಿರುತ್ತದೆ. ಅದಕ್ಕೇ ಮಿಷನ್ ಇದ್ದರೂ ರೋಗಿಯನ್ನು ಮಾತನಾಡಿಸಿ ನೋಡಬೇಕು ಅಂತ ಹೇಳುವುದು.

ಯಾವ ಸ್ಕೇಲ್?

ಎಚ್ಚರ ಅಳೆಯುವ ಸ್ಕೇಲ್‌ಗಳು ಹಲವಿವೆ. ಐಸಿಯುನಲ್ಲಿ ಕೆಲಸ ಮಾಡಿದವರಿಗೆ ರಾಮ್ಸೆ ಮತ್ತು ರಾಸ್ ಗೊತ್ತಿರುತ್ತವೆ. ರಾಸ್‌ನಲ್ಲಿ +4 ರಿಂದ -5 ರವರೆಗೆ ಅಂಕ ಇರುತ್ತದೆ. ವೆಂಟಿಲೇಟರ್ ಮೇಲಿರುವ ರೋಗಿಗೆ ಎಷ್ಟು ಮಂಪರು ಬೇಕೋ ಅಷ್ಟೇ ಇದೆಯಾ ಎಂದು ನೋಡಲು ಅದು ಒಳ್ಳೆಯ ಸ್ಕೇಲ್. ಅಲ್ಲಿ ನಾವು ಬೇಕೆಂದೇ ಮಂಪರು ಬರಿಸಿರುತ್ತೇವೆ. ವಾರ್ಡ್‌ನಲ್ಲಿ ನಾವು ಕೊಡುವುದು ನೋವಿಗೆ ಔಷಧಿ, ಮಂಪರು ಅದರ ಜೊತೆಗೆ ಬರುವ ಬೇಡದ ಅತಿಥಿ. ವಾರ್ಡ್‌ಗಳಲ್ಲಿ ಬಳಸುವ ಎವಿಪಿಯು ತುಂಬಾ ಒರಟು ಅಳತೆ. ರೋಗಿ ಕಣ್ಣು ಬಿಟ್ಟು ನೋಡಿದರೆ ‘ಎಚ್ಚರ’ ಎಂದು ಅಲ್ಲಿಗೇ ಮುಗಿಯುತ್ತದೆ. ಕಣ್ಣು ಬಿಟ್ಟವರು ಮುಂದಿನ ಐದು ಸೆಕೆಂಡಿನಲ್ಲಿ ಮತ್ತೆ ತೂಕಡಿಸಿದರಾ ಎಂದು ಅದು ಕೇಳುವುದಿಲ್ಲ.

ಓಪಿಯಾಯ್ಡ್ ಕೊಟ್ಟ ವಾರ್ಡ್ ರೋಗಿಗೆ ನಾನು ಬಳಸುವುದು ಪಾಸೆರೊ ಸ್ಕೇಲ್. ಅಮೆರಿಕದ ನರ್ಸ್ ಕ್ರಿಸ್ ಪಾಸೆರೊ ಇದನ್ನು ನೋವಿನ ಔಷಧಿ ಪಡೆಯುವ ರೋಗಿಗಳಿಗೆಂದೇ ಮಾಡಿದರು. ಇದರಲ್ಲಿ ಐದೇ ಹಂತ.

ಎಸ್: ಸಹಜ ನಿದ್ದೆ. ಸುಲಭವಾಗಿ ಎಬ್ಬಿಸಬಹುದು.

1: ಪೂರ್ತಿ ಎಚ್ಚರ, ಚುರುಕಾಗಿದ್ದಾರೆ.

2: ಸ್ವಲ್ಪ ಮಂಪರು. ಆದರೆ ಕರೆದರೆ ಸುಲಭವಾಗಿ ಏಳುತ್ತಾರೆ.

3: ಪದೇ ಪದೇ ಮಂಪರು. ಎಬ್ಬಿಸಿದರೆ ಏಳುತ್ತಾರೆ, ಆದರೆ ಮಾತಿನ ಮಧ್ಯದಲ್ಲೇ ಮತ್ತೆ ನಿದ್ದೆಗೆ ಜಾರುತ್ತಾರೆ.

4: ಗಾಢ ಮಂಪರು. ಕೂಗಿದರೂ ಅಲುಗಾಡಿಸಿದರೂ ಅಷ್ಟಾಗಿ ಪ್ರತಿಕ್ರಿಯೆ ಇಲ್ಲ, ಅಥವಾ ಏನೂ ಇಲ್ಲ.

ಎಸ್, 1, 2 ಇದ್ದರೆ ತೊಂದರೆಯಿಲ್ಲ. ನೋವು ಇನ್ನೂ ಇದ್ದರೆ, ಆದೇಶ ಇದ್ದರೆ, ಮುಂದಿನ ಡೋಸ್ ಕೊಡಬಹುದು. 3 ಬಂದರೆ ಕೊಡುವಂತಿಲ್ಲ. 4 ಬಂದರೆ ಅದು ತುರ್ತು ಪರಿಸ್ಥಿತಿ.

1 ಯಾವುದು, 4 ಯಾವುದು ಎಂದು ಯಾರಿಗೂ ಅನುಮಾನ ಬರುವುದಿಲ್ಲ. ತಪ್ಪು ಆಗುವುದು ಎರಡೇ ಜಾಗದಲ್ಲಿ. ಒಂದು, ‘ಎಸ್’ ಎಂದು ಬರೆದದ್ದು ನಿಜವಾಗಿ 3 ಆಗಿರುತ್ತದೆ. ಇನ್ನೊಂದು, 2 ಎಂದು ಬರೆದದ್ದು 3 ಆಗಿರುತ್ತದೆ. ಈ ಎರಡು ಜಾಗದಲ್ಲಿ ಕೈ ಪಳಗಿದರೆ ಸ್ಕೇಲ್ ಪೂರ್ತಿ ಬಂದಂತೆ.

ಹಾಸಿಗೆಯ ಪಕ್ಕ ಮಾಡಬೇಕಾದ ಕ್ರಮ

ಮೊದಲು ಮುಟ್ಟಬೇಡಿ, ಮಾತನಾಡಿಸಬೇಡಿ. ಸುಮ್ನೆ ನಿಂತು ಉಸಿರು ಎಣಿಸಿ. ಎಬ್ಬಿಸಿದ ಕೂಡಲೇ ಉಸಿರಾಟ ಚುರುಕಾಗಿಬಿಡುತ್ತದೆ. ಆಮೇಲೆ ಎಣಿಸಿದ ಲೆಕ್ಕ ಎಬ್ಬಿಸಿದವರ ಲೆಕ್ಕ, ಮಲಗಿದ್ದವರದ್ದಲ್ಲ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಅಭ್ಯಾಸವನ್ನು ಇಲ್ಲಿ ಬಿಡಬೇಕು. ಓಪಿಯಾಯ್ಡ್ ರೋಗಿಯ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲ. ನಾಲ್ಕು ಉಸಿರು ಬೇಗ ಬೇಗ, ಆಮೇಲೆ ಹನ್ನೆರಡು ಸೆಕೆಂಡ್ ಖಾಲಿ. ನೀವು ಬೇಗ ಬಂದ ನಾಲ್ಕನ್ನು ಎಣಿಸಿದರೆ ಹದಿನಾರು ಎಂದು ಬರೆಯುತ್ತೀರಿ. ಪೂರ್ತಿ ಒಂದು ನಿಮಿಷ ಗಡಿಯಾರ ನೋಡಿ ಎಣಿಸಿ. ಎದೆ ಎಷ್ಟು ಮೇಲೇರುತ್ತಿದೆ ಎಂದೂ ನೋಡಿ. ಹನ್ನೆರಡು ಉಸಿರಿದ್ದರೂ ಎದೆ ಬರೀ ಅಲುಗಿದಂತಿದ್ದರೆ ಗಾಳಿ ಒಳಗೆ ಹೋಗುತ್ತಿಲ್ಲ ಎಂದರ್ಥ.

ಗೊರಕೆಗೂ ಕಿವಿ ಕೊಡಿ. ಗೊರಕೆ ಎಂದರೆ ಗಾಢ ನಿದ್ದೆ ಎಂದು ನಮ್ಮಲ್ಲಿ ಎಲ್ಲರೂ ತಿಳಿದಿದ್ದಾರೆ. ಮಾರ್ಫಿನ್ ಕೊಟ್ಟ ಮೇಲೆ ಬರುವ ಗೊರಕೆ ಎಂದರೆ ನಾಲಿಗೆ ಹಿಂದಕ್ಕೆ ಜಾರಿ ಗಂಟಲಿನ ದಾರಿ ಅರ್ಧ ಮುಚ್ಚಿದೆ ಎಂದರ್ಥ. ಗೊರಕೆ ಜೋರಾಗಿ ಬಂದು, ಇದ್ದಕ್ಕಿದ್ದಂತೆ ನಿಂತು, ಮತ್ತೆ ಗಕ್ಕನೆ ಉಸಿರೆಳೆದುಕೊಳ್ಳುತ್ತಿದ್ದರೆ ಅದು ನಿದ್ದೆಯ ಸದ್ದಲ್ಲ. ಅಂಥವರನ್ನು ಎಬ್ಬಿಸಲೇಬೇಕು.

ಎಣಿಸಿದ ಮೇಲೆ ಹೆಸರು ಹಿಡಿದು ಮಾಮೂಲಿ ದನಿಯಲ್ಲಿ ಕರೆಯಿರಿ. ಏಳದಿದ್ದರೆ ಸ್ವಲ್ಪ ಜೋರಾಗಿ. ಆಮೇಲೆ ಭುಜ ಮುಟ್ಟಿ, ಕೊನೆಗೆ ಅಲುಗಾಡಿಸಿ. ಎಷ್ಟರ ಮಟ್ಟಿಗೆ ಹೋಗಬೇಕಾಯಿತು ಎನ್ನುವುದೂ ಒಂದು ಮಾಹಿತಿ, ಅದನ್ನೂ ಬರೆಯಿರಿ.

ಇಷ್ಟಕ್ಕೆ ಕಣ್ಣು ಬಿಟ್ಟರು. ಇಲ್ಲಿಗೇ ನಿಲ್ಲಿಸುವುದು ನಾವು ಮಾಡುವ ದೊಡ್ಡ ತಪ್ಪು. “ನೋವು ಇದೆಯಾ?” ಎಂದು ಕೇಳುತ್ತೇವೆ. ಅವರು “ಹೂಂ” ಎನ್ನುತ್ತಾರೆ. ನಾವು 2 ಎಂದು ಬರೆಯುತ್ತೇವೆ. “ಹೂಂ” ಎನ್ನಲು ಎಚ್ಚರ ಬೇಕಿಲ್ಲ, ಅರೆನಿದ್ದೆಯಲ್ಲೂ ಹೂಂ ಎನ್ನಬಹುದು. 2 ಮತ್ತು 3 ರ ನಡುವಿನ ಗೆರೆ ಇರುವುದು ಮಾತಿನ ಮಧ್ಯದಲ್ಲಿ. ಅದನ್ನು ನೋಡಬೇಕಾದರೆ ಮಾತು ಸ್ವಲ್ಪ ಉದ್ದ ಇರಬೇಕು. ಎರಡು ಮೂರು ವಾಕ್ಯದ ಉತ್ತರ ಬೇಕಾಗುವ ಪ್ರಶ್ನೆ ಕೇಳಿ, ಅರ್ಧ ನಿಮಿಷವಾದರೂ ಮುಖ ನೋಡುತ್ತಾ ನಿಲ್ಲಿ. ಅವರೇ ಮಾತು ಮುಗಿಸಲಿ, ನೀವು ಮಧ್ಯೆ ಪದ ಕೊಟ್ಟು ಸಹಾಯ ಮಾಡಬೇಡಿ.

ನಮ್ಮ ಕಡೆ ಇದಕ್ಕೆ ಒಳ್ಳೆಯ ಪ್ರಶ್ನೆಗಳು ಇವೆ. ಟೊಮೇಟೊ ಬೆಳೆಯುವವರಾದರೆ “ಈ ಸಲ ಎಷ್ಟು ಬಾಕ್ಸ್ ಮಾರ್ಕೆಟ್‌ಗೆ ಹಾಕಿದ್ರಿ, ಏನು ರೇಟ್ ಸಿಕ್ತು?” ಎಂದು ಕೇಳಿ. ರೇಷ್ಮೆಯವರಿಗೆ ಗೂಡಿನ ಬಗ್ಗೆ, ಹಸು ಇರುವವರಿಗೆ ಡೇರಿಗೆ ಹಾಕುವ ಹಾಲಿನ ಬಗ್ಗೆ ಕೇಳಿ. ಎಚ್ಚರ ಇರುವ ರೈತ ಟೊಮೇಟೊ ರೇಟಿನ ಪ್ರಶ್ನೆಗೆ ಒಂದೇ ಪದದಲ್ಲಿ ಉತ್ತರ ಕೊಡುವುದಿಲ್ಲ! “ಇವತ್ತು ಯಾವ ವಾರ?” ಎನ್ನುವುದು ಒಳ್ಳೆಯ ಪ್ರಶ್ನೆಯಲ್ಲ. ಆಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿದವರಿಗೆ ಎಚ್ಚರ ಇದ್ದರೂ ವಾರ ಗೊತ್ತಿರುವುದಿಲ್ಲ.

ಭಾಷೆಯ ವಿಷಯವನ್ನೂ ಇಲ್ಲಿ ಹೇಳಲೇಬೇಕು. ಕೋಲಾರ, ಚಿಕ್ಕಬಳ್ಳಾಪುರ ಕಡೆ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು. ಹಗಲಲ್ಲಿ ನಮ್ಮ ಜೊತೆ ಕನ್ನಡದಲ್ಲಿ ಚೆನ್ನಾಗಿ ಮಾತನಾಡುವವರೇ, ಮಂಪರಿನಲ್ಲಿ ಕನ್ನಡದ ಪ್ರಶ್ನೆಗೆ ತಡವರಿಸಬಹುದು. ಆಗ ಮಂಪರು ಎಷ್ಟು, ಭಾಷೆಯ ತೊಡಕು ಎಷ್ಟು ಎಂದು ಗೊತ್ತಾಗುವುದಿಲ್ಲ. ಅವರು ಮನೆಯಲ್ಲಿ ಆಡುವ ಭಾಷೆಯಲ್ಲೇ ಕೇಳಿ. ನಿಮಗೆ ಬರದಿದ್ದರೆ ಪಕ್ಕದಲ್ಲಿರುವ ಮನೆಯವರ ಕೈಲಿ ಕೇಳಿಸಿ. ಕಿವಿ ಮಂದ ಇದ್ದವರಿಗೂ ಅಷ್ಟೇ, ಆಪರೇಷನ್‌ಗೆ ಮೊದಲು ಅವರು ಹೇಗೆ ಮಾತನಾಡುತ್ತಿದ್ದರು ಎಂದು ನೋಡಿ ಇಟ್ಟುಕೊಂಡಿರಬೇಕು.

ಹಾಗಾದರೆ ‘ಎಸ್’ ಎಂದು ಯಾವಾಗ ಬರೆಯಬಹುದು? ಉಸಿರು ಒಂದೇ ಲಯದಲ್ಲಿದೆ, ಗೊರಕೆ ಹೊಸದಾಗಿ ಬಂದದ್ದಲ್ಲ, ಕೈ ಮುಟ್ಟಿದರೆ ಕದಲುತ್ತಾರೆ ಅಥವಾ ಮಗ್ಗುಲು ಬದಲಿಸುತ್ತಾರೆ. ಇಷ್ಟೂ ಇದ್ದರೆ ಬರೆಯಬಹುದು. ಬಾಗಿಲಲ್ಲಿ ನಿಂತು ನೋಡಿ ‘ಎಸ್’ ಬರೆಯುವಂತಿಲ್ಲ. ಯಾವುದಾದರೂ ಒಂದು ಅನುಮಾನ ಬಂದರೆ ಪೂರ್ತಿ ಎಬ್ಬಿಸಿ ಮಾತನಾಡಿಸಿ. ನಿದ್ದೆ ಕೆಟ್ಟಿದ್ದಕ್ಕೆ ರೋಗಿ ಬೈದರೆ ಬೈಯಲಿ, ಪೂರ್ತಿ ವಾಕ್ಯದಲ್ಲಿ ಬೈದರೆ ಅದು 1.

ಯಾವಾಗ ನೋಡಬೇಕು

ಪ್ರತಿ ಡೋಸ್ ಕೊಡುವ ಮೊದಲು ಒಂದು ಸಲ. ಆಮೇಲೆ ಔಷಧಿ ಗರಿಷ್ಠ ಮಟ್ಟಕ್ಕೆ ಬರುವ ಹೊತ್ತಿಗೆ ಇನ್ನೊಂದು ಸಲ. ರಕ್ತನಾಳಕ್ಕೆ ಕೊಟ್ಟ ಮಾರ್ಫಿನ್‌ಗೆ 15 ರಿಂದ 30 ನಿಮಿಷ, ಮಾತ್ರೆಯಾದರೆ ಸುಮಾರು ಒಂದು ಗಂಟೆ. ಮೊದಲ 24 ಗಂಟೆ ಹೆಚ್ಚು ಅಪಾಯದ ಹೊತ್ತು, ಅದರಲ್ಲೂ ರಾತ್ರಿ. ಆ ಅವಧಿಯಲ್ಲಿ ಒಂದು ಎರಡು ಗಂಟೆಗೊಮ್ಮೆ ನೋಡುವುದು ಒಳ್ಳೆಯದು. ನಿಮ್ಮ ಆಸ್ಪತ್ರೆಯ ನಿಯಮ ಇದಕ್ಕಿಂತ ಬಿಗಿಯಾಗಿದ್ದರೆ ಅದನ್ನೇ ಪಾಲಿಸಿ. ಬೆನ್ನಿನ ಮೂಲಕ, ಅಂದರೆ ಸ್ಪೈನಲ್ ಇಂಜೆಕ್ಷನ್ ಜೊತೆಗೆ ಮಾರ್ಫಿನ್ ಹಾಕಿದ್ದರೆ ಉಸಿರಾಟ ಕುಗ್ಗುವುದು ಎಷ್ಟೋ ಗಂಟೆ ತಡವಾಗಿ ಬರಬಹುದು. ಥಿಯೇಟರ್‌ನಿಂದ ರೋಗಿಯನ್ನು ತೆಗೆದುಕೊಳ್ಳುವಾಗಲೇ “ಸ್ಪೈನಲ್‌ನಲ್ಲಿ ಮಾರ್ಫಿನ್ ಹಾಕಿದ್ದೀರಾ?” ಎಂದು ಕೇಳಿ ಬರೆದುಕೊಳ್ಳಿ.

ಆ ರಾತ್ರಿ

ಶ್ರೀನಿವಾಸಪುರ ಕಡೆಯ ಮಾವಿನ ತೋಟದ ಯಜಮಾನರು. ಅರವತ್ತು ದಾಟಿತ್ತು. ಬೈಕಿನಿಂದ ಬಿದ್ದು ತೊಡೆ ಮೂಳೆ ಮುರಿದಿತ್ತು. ಸಕ್ಕರೆ ಕಾಯಿಲೆ ಹಳೆಯದು, ಕಿಡ್ನಿ ಸ್ವಲ್ಪ ಸೋತಿತ್ತು, ಕ್ರಿಯಾಟಿನಿನ್ 1.8 ಇತ್ತು. ದಪ್ಪ ಕತ್ತು. ಮನೆಯಲ್ಲೂ ಜೋರು ಗೊರಕೆ ಎಂದು ಹೆಂಡತಿ ಹೇಳಿದ್ದರು. ಈಗ ಯೋಚಿಸಿದರೆ, ಅಪಾಯದ ಪಟ್ಟಿಯಲ್ಲಿ ಇರಬೇಕಾದದ್ದೆಲ್ಲ ಒಬ್ಬರಲ್ಲೇ ಇತ್ತು. ವಯಸ್ಸು, ಕಿಡ್ನಿ, ನಿದ್ದೆಯಲ್ಲಿ ಉಸಿರು ಕಟ್ಟುವ ಸೂಚನೆ, ಹಿಂದೆ ಎಂದೂ ಮಾರ್ಫಿನ್ ತೆಗೆದುಕೊಳ್ಳದ ಮೈ.

ಸ್ಪೈನಲ್ ಕೊಟ್ಟು ಮೂಳೆ ಕೂಡಿಸಿ ಸಂಜೆ 4:30ಕ್ಕೆ ವಾರ್ಡ್‌ಗೆ ತಂದರು. ಸ್ಪೈನಲ್‌ನಲ್ಲಿ ಮಾರ್ಫಿನ್ ಇರಲಿಲ್ಲ. ಎಂಟು ಗಂಟೆಗೆ ಅದರ ಪ್ರಭಾವ ಇಳಿದು ನೋವು ಶುರುವಾಯಿತು. ಪ್ಯಾರಾಸಿಟಮಾಲ್ 1 ಗ್ರಾಂ ಡ್ರಿಪ್ ಹಾಕಿದೆವು. ಕಿಡ್ನಿಯ ಕಾರಣಕ್ಕೆ ಡೈಕ್ಲೋಫೆನಾಕ್ ಬೇಡ ಎಂದು ಬರೆದಿದ್ದರು. ಒಂಬತ್ತಕ್ಕೆ ನೋವು ಹತ್ತಕ್ಕೆ ಎಂಟು ಎಂದರು. ಆದೇಶದ ಪ್ರಕಾರ ಮಾರ್ಫಿನ್ 3 ಮಿಲಿಗ್ರಾಂ ನಿಧಾನವಾಗಿ ಕೊಟ್ಟೆ. 9:40ಕ್ಕೆ ಇನ್ನೂ ಆರು ಎಂದರು. ಆಗ ಪೂರ್ತಿ ಎಚ್ಚರ ಇದ್ದರು, ಮಗನ ಜೊತೆ ಫೋನಿನಲ್ಲಿ ಮಾತನಾಡುತ್ತಿದ್ದರು. ಇನ್ನೂ 3 ಮಿಲಿಗ್ರಾಂ ಕೊಟ್ಟೆ. ಇಲ್ಲಿಯವರೆಗೆ ಏನೂ ತಪ್ಪಿರಲಿಲ್ಲ.

10:15ಕ್ಕೆ ವಾಂತಿ. ಪ್ರೋಮೆಥಜಿನ್ 25 ಮಿಲಿಗ್ರಾಂ ಸೊಂಟಕ್ಕೆ ಕೊಟ್ಟೆವು. ವಾಂತಿ ನಿಲ್ಲುತ್ತದೆ, ಆದರೆ ಅದೂ ಮಂಪರು ಬರಿಸುವ ಔಷಧಿಯೇ. ಮಾರ್ಫಿನ್ ಜೊತೆ ಅದು ಸೇರಿದಾಗ ಎರಡೂ ಕೂಡಿಕೊಂಡು ಎಳೆಯುತ್ತವೆ. ಮಂಪರು ಬರಿಸದ ಒಂಡಾನ್‌ಸೆಟ್ರಾನ್ ಇರುವಾಗ ಇದು ಯಾಕೆ ಎಂದು ಡಾಕ್ಟರನ್ನು ಕೇಳಬಹುದಿತ್ತು. ಅಭ್ಯಾಸದಂತೆ ಕೊಟ್ಟೆವು. ತುರಿಕೆಗೆ ಕೊಡುವ ಫೆನಿರಮಿನ್, ನಿದ್ದೆಗೆ ಕೊಡುವ ಲೋರಾಜೆಪಾಮ್ ಕೂಡ ಇದೇ ಸಾಲಿನವು.

10:50ಕ್ಕೆ ಹೆಂಡತಿ ಬಂದು “ನರಳ್ತಾ ಇದ್ದಾರೆ ಸಿಸ್ಟರ್” ಎಂದರು. ಹೋಗಿ ಕೇಳಿದೆ. ಕಣ್ಣು ಮುಚ್ಚಿಕೊಂಡೇ “ನೋವು... ಜಾಸ್ತಿ” ಎಂದರು. ಇನ್ನೊಂದು 3 ಮಿಲಿಗ್ರಾಂ ಕೊಟ್ಟೆ. ಒಟ್ಟು 9 ಆಯಿತು.

ಇಲ್ಲಿ ತಪ್ಪಿದ್ದು. ನೋವಿನ ಅಂಕವನ್ನು ಕೇಳಿದೆ, ಮಂಪರಿನ ಅಂಕವನ್ನು ನೋಡಲಿಲ್ಲ. ಮಂಪರು 3ರಲ್ಲಿ ಇರುವ ರೋಗಿಯೂ ಎಬ್ಬಿಸಿ ಕೇಳಿದರೆ ನೋವು ಎಂಟು ಎನ್ನಬಹುದು. ಅದು ಸುಳ್ಳಲ್ಲ, ನೋವು ಇರುವುದು ನಿಜ. ಆದರೆ ಆ ನೋವಿಗೆ ಇನ್ನಷ್ಟು ಮಾರ್ಫಿನ್ ಉತ್ತರವಲ್ಲ. ನೋವು ಮತ್ತು ಮಂಪರು ಎರಡು ಬೇರೆ ಅಂಕ. ಎರಡೂ ಜೊತೆಗೆ ಇರಬೇಕು, ಮತ್ತು ಎರಡು ಎರಡು ಕಡೆ ಎಳೆದರೆ ಮಂಪರಿನ ಮಾತೇ ನಡೆಯಬೇಕು.

11:10ಕ್ಕೆ ನೋಡಿದಾಗ ಗೊರಕೆ ಕೇಳಿಸಿತು. ಆಕ್ಸಿಮೀಟರ್ 98, ಆಮ್ಲಜನಕ 3 ಲೀಟರ್. ‘ನಿದ್ದೆಯಲ್ಲಿದ್ದಾರೆ’ ಎಂದು ಬರೆದೆ. ಕೊನೆಯ ಡೋಸ್ ಕೊಟ್ಟು ಸರಿಯಾಗಿ ಇಪ್ಪತ್ತು ನಿಮಿಷ ಆಗಿತ್ತು. ಎಬ್ಬಿಸಿ ನೋಡಬೇಕಾಗಿದ್ದ ಹೊತ್ತೇ ಅದು.

11:30ಕ್ಕೆ ಪಕ್ಕದ ಹಾಸಿಗೆಗೆ ಡ್ರಿಪ್ ಬದಲಿಸುವಾಗ ಗೊರಕೆ ನಿಂತಿದ್ದು ಗಮನಕ್ಕೆ ಬಂತು. ತಿರುಗಿ ನೋಡಿದೆ. ಸ್ವಲ್ಪ ಹೊತ್ತಾದ ಮೇಲೆ ಗಕ್ಕನೆ ಉಸಿರೆಳೆದರು. ನಿಂತು ಪೂರ್ತಿ ನಿಮಿಷ ಎಣಿಸಿದೆ. ಒಂಬತ್ತು. ಆಕ್ಸಿಮೀಟರ್‌ನಲ್ಲಿ ಆಗಲೂ 97. “ಈಗ ಮಲಗಿದ್ದಾರೆ, ಎಬ್ಬಿಸಬೇಡಿ” ಎಂದರು ಹೆಂಡತಿ. “ಒಂದೇ ನಿಮಿಷ ಅಮ್ಮಾ, ಮಾತಾಡಿಸಿ ಬಿಡ್ತೀನಿ” ಎಂದು ಭುಜ ಮುಟ್ಟಿ ಹೆಸರು ಹಿಡಿದು ಕೂಗಿದೆ. ಎರಡನೇ ಕೂಗಿಗೆ ಕಣ್ಣು ಬಿಟ್ಟರು. ಮನೆಮಾತು ತೆಲುಗು ಎಂದು ಗೊತ್ತಿತ್ತು. “ಮೀ ತೋಟಲೋ ಎನ್ನಿ ಮಾಮಿಡಿ ಚೆಟ್ಲು ಉನ್ನಾಯಿ?” ಎಂದು ಕೇಳಿದೆ. ತೋಟದಲ್ಲಿ ಎಷ್ಟು ಮಾವಿನ ಮರ ಇವೆ ಎಂದು. “ಯಾಭೈ...” ಎಂದರು. ರೆಪ್ಪೆ ಮುಚ್ಚಿತು. ಮತ್ತೆ ಗೊರಕೆ. ಇದು 3. ಪುಸ್ತಕದಲ್ಲಿ ಬರೆದಂತೆ ಮಾತಿನ ಮಧ್ಯದಲ್ಲೇ ಜಾರಿದರು.

3 ಬಂದಾಗ

ರೋಗಿಯನ್ನು ಬಿಟ್ಟು ಹೋಗಬೇಡಿ. ನಾನು ಹಾಸಿಗೆಯ ಪಕ್ಕದಿಂದಲೇ ಇನ್ನೊಬ್ಬ ಸಿಸ್ಟರನ್ನು ಕರೆದು ಡ್ಯೂಟಿ ಡಾಕ್ಟರ್‌ಗೆ ಫೋನ್ ಮಾಡಲು ಹೇಳಿದೆ. ತಲೆಯ ಕಡೆ ಹಾಸಿಗೆ ಎತ್ತರಿಸಿ ಗಲ್ಲ ಮುಂದಕ್ಕೆ ಹಿಡಿದಾಗ ಗೊರಕೆ ತಗ್ಗಿತು. ಓಪಿಯಾಯ್ಡ್ ಪೂರ್ತಿ ತಡೆಹಿಡಿದು, ಮಂಪರು ಬರಿಸುವ ಬೇರೆ ಯಾವುದನ್ನೂ ಕೊಡುವುದಿಲ್ಲ ಎಂದು ಕೇಸ್ ಶೀಟ್‌ನಲ್ಲಿ ಕೆಂಪಕ್ಷರದಲ್ಲಿ ಬರೆದೆ. ಡ್ರಿಪ್‌ನಲ್ಲೋ ಪಂಪ್‌ನಲ್ಲೋ ಮಾರ್ಫಿನ್ ಹೋಗುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಬೇಕು. ಸ್ಕೇಲ್‌ನ ಜೊತೆ ಬರುವ ಸೂಚನೆ ಪ್ರಕಾರ 3 ಬಂದಾಗ ಮುಂದಿನ ಡೋಸನ್ನು 25 ರಿಂದ 50 ಶೇಕಡಾ ಕಡಿಮೆ ಮಾಡಬೇಕು, ಅದನ್ನು ಡಾಕ್ಟರ್ ನಿರ್ಧರಿಸುತ್ತಾರೆ. ಜೊತೆಗೆ ಮಂಪರು ಬರಿಸದ ನೋವಿನ ಔಷಧಿಯನ್ನು ಸೇರಿಸಬೇಕು. ಮಂಪರು 3ಕ್ಕಿಂತ ಕೆಳಗೆ ಬಂದು ಉಸಿರು ಸರಿಯಾಗುವವರೆಗೆ ಕಣ್ಣಿಟ್ಟಿರಬೇಕು.

ಇದರ ಜೊತೆಗೇ ಬೆರಳಿನಿಂದ ಸಕ್ಕರೆ ನೋಡಿದೆ. 142. ಇದನ್ನು ಬಿಡಬಾರದು. ಸಕ್ಕರೆ ಕಾಯಿಲೆಯವರು ಬೆಳಗಿನಿಂದ ಉಪವಾಸ ಇದ್ದು ಮಂಪರಾದರೆ ಅದು ಸಕ್ಕರೆ ಇಳಿದದ್ದೂ ಇರಬಹುದು. ಸ್ಕೇಲ್ ಮಂಪರು ಎಷ್ಟು ಎಂದು ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಬಿದ್ದು ಬಂದವರಾದ್ದರಿಂದ ತಲೆಗೆ ಪೆಟ್ಟಾಗಿದೆಯಾ ಎಂದೂ ಯೋಚಿಸಬೇಕು. ಟಾರ್ಚ್ ಹಾಕಿದಾಗ ಎರಡೂ ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣದಾಗಿತ್ತು. ಅದು ಮಾರ್ಫಿನ್ ಕಡೆಗೇ ಬೆರಳು ತೋರಿಸಿತು. ಒಂದು ಪಾಪೆ ದೊಡ್ಡದು ಇನ್ನೊಂದು ಚಿಕ್ಕದು ಇದ್ದಿದ್ದರೆ ದಾರಿಯೇ ಬೇರೆ.

4 ಆದಾಗ

11:45ಕ್ಕೆ ಕೂಗಿದರೂ ಕಣ್ಣು ಬಿಡಲಿಲ್ಲ. ಭುಜ ಹಿಡಿದು ಅಲುಗಾಡಿಸಿದರೆ ಹುಬ್ಬು ಗಂಟಿಕ್ಕಿದರು, ಅಷ್ಟೇ. ಉಸಿರು ಏಳು. ಆಗ ಆಂಬು ಬ್ಯಾಗ್ ತಲೆಯ ಹತ್ತಿರ ತಂದಿಟ್ಟೆವು. ಉಸಿರು ಇನ್ನೂ ಇಳಿದಿದ್ದರೆ ಔಷಧಿಗೆ ಕಾಯದೆ ಬ್ಯಾಗ್‌ನಿಂದ ಉಸಿರು ಕೊಡಬೇಕಿತ್ತು. ಡಾಕ್ಟರ್ ಅಷ್ಟರಲ್ಲಿ ಬಂದಿದ್ದರು.

ನಲಾಕ್ಸೋನ್ ಆಂಪೂಲ್‌ನಲ್ಲಿ 1 ಮಿಲಿಲೀಟರ್‌ಗೆ 0.4 ಮಿಲಿಗ್ರಾಂ ಇರುತ್ತದೆ. ಅದನ್ನು 9 ಮಿಲಿಲೀಟರ್ ಸಲೈನ್ ಜೊತೆ ಸೇರಿಸಿ 10 ಮಿಲಿಲೀಟರ್ ಮಾಡಿಕೊಂಡೆವು. ಹಾಗೆ ಮಾಡಿದರೆ ಒಂದು ಮಿಲಿಲೀಟರ್‌ನಲ್ಲಿ 0.04 ಮಿಲಿಗ್ರಾಂ ಬರುತ್ತದೆ. ಡಾಕ್ಟರ್ ಆದೇಶದಂತೆ ಎರಡೆರಡು ನಿಮಿಷಕ್ಕೆ ಒಂದೊಂದು ಮಿಲಿಲೀಟರ್ ಕೊಟ್ಟೆ. ಮೂರನೆಯದು ಹೋದ ಮೇಲೆ ಕಣ್ಣು ಬಿಟ್ಟರು. ಉಸಿರು 13. ಅಲ್ಲಿಗೆ ನಿಲ್ಲಿಸಿದೆವು.

ಇಡೀ ಆಂಪೂಲನ್ನು ಒಂದೇ ಸಲಕ್ಕೆ ತಳ್ಳಬಾರದೇ ಎಂದು ಹೊಸಬರು ಕೇಳುತ್ತಾರೆ. ಉಸಿರು ಪೂರ್ತಿ ನಿಂತಿದ್ದರೆ ಆ ಮಾತು ಬೇರೆ. ಆದರೆ ಉಸಿರಾಡುತ್ತಿರುವ ಆಪರೇಷನ್ ರೋಗಿಗೆ ಒಟ್ಟಿಗೆ ಕೊಟ್ಟರೆ ಮಾರ್ಫಿನ್ ಮಾಡಿದ ಕೆಲಸವೆಲ್ಲ ಒಂದೇ ಕ್ಷಣದಲ್ಲಿ ಅಳಿಸಿಹೋಗುತ್ತದೆ. ಮುರಿದ ತೊಡೆಯ ನೋವು ಪೂರ್ತಿಯಾಗಿ ವಾಪಸ್ ಬರುತ್ತದೆ. ಬಿಪಿ, ನಾಡಿ ಜಿಗಿಯುತ್ತವೆ, ಅಪರೂಪಕ್ಕೆ ಶ್ವಾಸಕೋಶದಲ್ಲಿ ನೀರೂ ತುಂಬಬಹುದು. ನಮಗೆ ಬೇಕಾದದ್ದು ಉಸಿರು ಮತ್ತು ಎಚ್ಚರ. ನೋವಿನ ಪರಿಹಾರ ಸ್ವಲ್ಪವಾದರೂ ಉಳಿಯಲಿ.

ಕಣ್ಣು ಬಿಟ್ಟ ಮೇಲೆ ವಾರ್ಡ್ ಪೂರ್ತಿ ನಿಟ್ಟುಸಿರು ಬಿಟ್ಟಿತು. ಆದರೆ ಕೆಲಸ ಮುಗಿದಿರಲಿಲ್ಲ. ನಲಾಕ್ಸೋನ್ ಪ್ರಭಾವ ಇರುವುದು ಅರ್ಧ ಗಂಟೆಯಿಂದ ಒಂದೂವರೆ ಗಂಟೆ. ಮಾರ್ಫಿನ್ ಅದಕ್ಕಿಂತ ಜಾಸ್ತಿ ಹೊತ್ತು ಇರುತ್ತದೆ. ಸೋತ ಕಿಡ್ನಿಯಲ್ಲಿ ಇನ್ನೂ ಜಾಸ್ತಿ, ಏಕೆಂದರೆ ಮಾರ್ಫಿನ್ ಒಡೆದು ಆಗುವ ಒಂದು ಅಂಶ ಮಾರ್ಫಿನ್‌ನಂತೆಯೇ ಕೆಲಸ ಮಾಡುತ್ತದೆ, ಅದು ಹೊರಗೆ ಹೋಗುವುದು ಮೂತ್ರದಲ್ಲಿ. ಹಾಗಾಗಿ ಮೊದಲ ಒಂದು ಗಂಟೆ ಐದು ಐದು ನಿಮಿಷಕ್ಕೆ ಮಾತನಾಡಿಸುತ್ತಾ ಕೂತೆ. 12:40ಕ್ಕೆ ಮತ್ತೆ ಮಾತಿನ ಮಧ್ಯೆ ಜಾರಿದರು, ಉಸಿರು 9. ಇನ್ನೂ ಎರಡು ಮಿಲಿಲೀಟರ್ ಬೇಕಾಯಿತು. ಆಮೇಲೆ ಐಸಿಯುಗೆ ಕಳಿಸಿದೆವು. ಮಾರನೇ ದಿನ ಅರಿವಳಿಕೆ ಡಾಕ್ಟರ್ ಬಂದು ತೊಡೆಯ ನರಕ್ಕೆ ಬ್ಲಾಕ್ ಕೊಟ್ಟರು. ಅದು ಕೊಟ್ಟ ಮೇಲೆ ಪ್ಯಾರಾಸಿಟಮಾಲ್‌ನಲ್ಲೇ ನೋವು ಹಿಡಿತಕ್ಕೆ ಬಂತು.

ಬರೆಯುವುದು, ಹೇಳುವುದು

ಆ ರಾತ್ರಿಯಿಂದ ನಮ್ಮ ವಾರ್ಡ್‌ನಲ್ಲಿ ‘ನಿದ್ದೆಯಲ್ಲಿದ್ದಾರೆ’ ಎಂಬ ಪದ ಒಂಟಿಯಾಗಿ ಬರೆಯುವುದಿಲ್ಲ. ಹೀಗೆ ಬರೆಯುತ್ತೇವೆ: “11:30. ಮಂಪರು 3. ಜೋರಾಗಿ ಕೂಗಿ ಭುಜ ಮುಟ್ಟಿದಾಗ ಎದ್ದರು, ಒಂದು ಪದ ಹೇಳಿ ಮತ್ತೆ ನಿದ್ದೆ. ಉಸಿರು 9, ನಡುವೆ ನಿಲ್ಲುತ್ತಿದೆ. ಆಮ್ಲಜನಕ 3 ಲೀಟರ್‌ನಲ್ಲಿ 97.” ಆಕ್ಸಿಮೀಟರ್ ಅಂಕದ ಪಕ್ಕ ಎಷ್ಟು ಲೀಟರ್ ಆಮ್ಲಜನಕ ಎಂದು ಬರೆಯದಿದ್ದರೆ ಆ ಅಂಕಕ್ಕೆ ಅರ್ಥವಿಲ್ಲ. ಡಾಕ್ಟರ್‌ಗೆ ಫೋನಿನಲ್ಲಿ ಹೇಳುವಾಗಲೂ ಅಷ್ಟೇ. “ಸರ್, ಪೇಷೆಂಟ್ ಸ್ವಲ್ಪ ಡ್ರೌಸಿ ಇದ್ದಾರೆ” ಎಂದರೆ “ಸರಿ, ನೋಡ್ತಾ ಇರಿ” ಎಂಬ ಉತ್ತರ ಬರುತ್ತದೆ. “ಮಂಪರು 3, ಉಸಿರು 9, ಎರಡು ಗಂಟೆಯಲ್ಲಿ ಮಾರ್ಫಿನ್ 9 ಮಿಲಿಗ್ರಾಂ, ಪ್ರೋಮೆಥಜಿನ್ ಕೂಡ ಹೋಗಿದೆ, ಈಗಲೇ ಬನ್ನಿ” ಎಂದರೆ ಬರುತ್ತಾರೆ.

ಇನ್ನೊಂದು ಮಿತಿಯನ್ನೂ ತಿಳಿದಿರಬೇಕು. ಈ ಸ್ಕೇಲ್ ಇರುವುದು ನೋವಿಗೆ ಕೊಟ್ಟ ಓಪಿಯಾಯ್ಡ್‌ಗೆ. ಎಂಡೋಸ್ಕೋಪಿಗೆಂದು ಮಿಡಾಜೋಲಾಮ್ ಕೊಟ್ಟು ಬೇಕೆಂದೇ ಮತ್ತು ಬರಿಸಿದ್ದರೆ ಇದರ ‘3 ಬಂದರೆ ಡೋಸ್ ತಗ್ಗಿಸಿ’ ಎಂಬ ಲೆಕ್ಕ ಹೊಂದುವುದಿಲ್ಲ, ಅಲ್ಲಿ ರಾಸ್ ಬಳಸಿ. ಮಿಡಾಜೋಲಾಮ್‌ನ ಮಂಪರಿಗೆ ನಲಾಕ್ಸೋನ್ ಕೆಲಸವನ್ನೂ ಮಾಡುವುದಿಲ್ಲ. ಫೆಂಟನಿಲ್ ಪಟ್ಟಿ ಹಚ್ಚಿದ ಕ್ಯಾನ್ಸರ್ ರೋಗಿಗೆ ಸ್ಕೇಲ್ ಹೊಂದುತ್ತದೆ. ಆದರೆ ಪಟ್ಟಿ ಕಿತ್ತ ಮೇಲೂ ಚರ್ಮದಡಿ ಉಳಿದ ಔಷಧಿ ಎಷ್ಟೋ ಗಂಟೆ ಒಳಗೆ ಹೋಗುತ್ತಲೇ ಇರುತ್ತದೆ ಎಂದು ನೆನಪಿರಲಿ, ಒಂದು ದಿನವಾದರೂ ಬಿಡದೆ ನೋಡಬೇಕು.

ಮನೆಯವರಿಗೆ ನಾನು ಈಗ ಮಾರ್ಫಿನ್ ಕೊಡುವ ಮೊದಲೇ ಹೇಳಿಬಿಡುತ್ತೇನೆ. “ಅಮ್ಮಾ, ರಾತ್ರಿ ನಾನು ಬಂದು ಎಬ್ಬಿಸ್ತೀನಿ, ಬೇಜಾರು ಮಾಡ್ಕೋಬೇಡಿ. ಗೊರಕೆ ಮಧ್ಯೆ ಉಸಿರು ನಿಂತಂಗೆ ಅನಿಸಿದ್ರೆ, ಮಾತಾಡ್ತಾ ಮಾತಾಡ್ತಾ ತೂಕಡಿಸಿದ್ರೆ, ಕರೆದ್ರೆ ಏಳದಿದ್ರೆ, ನನ್ನನ್ನ ಕರೀರಿ. ಸುಮ್ನೆ ಕರೆದ್ರೂ ಪರವಾಗಿಲ್ಲ.” ಮೊದಲೇ ಹೇಳಿದ್ದರೆ “ಎಬ್ಬಿಸಬೇಡಿ” ಎನ್ನುವ ಮಾತು ಬರುವುದಿಲ್ಲ. ಎಷ್ಟೋ ಸಲ ಅವರೇ ನಮಗಿಂತ ಮೊದಲು ಗಮನಿಸುತ್ತಾರೆ.

ಪಾಳಿ ಬದಲಾಗುವಾಗ ಹೋಗುವವರು ಮತ್ತು ಬರುವವರು ಇಬ್ಬರೂ ಹಾಸಿಗೆಯ ಪಕ್ಕ ನಿಂತು ಒಟ್ಟಿಗೆ ಮಾತನಾಡಿಸಿ ಒಂದೇ ಅಂಕ ಬರೆಯುತ್ತೇವೆ. ನಾನು 2 ಎಂದದ್ದನ್ನು ಇನ್ನೊಬ್ಬರು 3 ಎಂದರೆ 3 ಎಂದೇ ಬರೆಯುತ್ತೇವೆ. ಮಾವಿನ ತೋಟದ ಯಜಮಾನರನ್ನು ಐಸಿಯುನಿಂದ ವಾಪಸ್ ತಂದ ದಿನವೂ ಹಾಗೇ ಮಾಡಿದೆವು. ಮರಗಳು ಎಷ್ಟು ಎಂದು ಮತ್ತೆ ಕೇಳಿದೆ. ಬಾದಾಮಿ ಇಷ್ಟು, ರಸಪುರಿ ಇಷ್ಟು, ತೋತಾಪುರಿ ಇಷ್ಟು ಎಂದು ಬೆರಳು ಮಡಚಿ ಎಣಿಸಿದರು. ಹೆಂಡತಿ ನಡುವೆ ಲೆಕ್ಕ ತಿದ್ದಿದರು, ಅವರು ಒಪ್ಪಲಿಲ್ಲ. ಇಬ್ಬರು ಸಿಸ್ಟರ್‌ಗಳೂ 1 ಎಂದು ಬರೆದೆವು.